118 ಅಂದರೆ ಎಷ್ಟು ಬ್ಲಾಕ್ ಅನ್ನೋ ಲೆಕ್ಕ ಅಲ್ಲ

"ಅಕ್ಕಾ, ನಮ್ಮ ಮನೆಯವರಿಗೆ ಹಾರ್ಟ್ ಸಿಟಿ ಸ್ಕ್ಯಾನ್ ಮಾಡಿಸಿದ್ವಿ. ಕ್ಯಾಲ್ಸಿಯಂ ಸ್ಕೋರ್ 118 ಬಂದಿದೆ. ಎದೆ ನೋವು, ಏದುಸಿರು ಏನೂ ಇಲ್ಲ. ವಯಸ್ಸು ಇನ್ನೂ 48. ಬ್ಲಾಕ್ ಇದೆ ಅಂತಾನಾ? ಹಾಲು ಮೊಸರು ಬಿಡಿಸಬೇಕಾ? ಬೋರ್ ನೀರಿಂದ ಹೀಗಾಯ್ತು ಅಂತಾರೆ ಎಲ್ಲರೂ."

ತಂಗಿ, ನೀನು ಗ್ರೂಪಲ್ಲಿ ಹಾಕಿದ ರಿಪೋರ್ಟ್ ಫೋಟೋ ಪೂರ್ತಿ ಓದಿದೆ. ಟೈಪ್ ಮಾಡಿದರೆ ಮುಗಿಯಲ್ಲ ಅಂತ ಮಾತಾಡಿಯೇ ಕಳಿಸ್ತಿದ್ದೀನಿ. ಮಿಲ್ಲಿಂದ ಅವರು ಮನೆಗೆ ಬಂದ ಮೇಲೆ ಇಬ್ಬರೂ ಕೂತು ಕೇಳಿ.

ಮೊದಲು ಹಾಲಿನ ಮಾತು. ಹಾಲು, ಮೊಸರು, ಬೋರ್ ನೀರು, ಇವು ಯಾವುದೂ ಇದಕ್ಕೆ ಕಾರಣ ಅಲ್ಲ. ಸಿಂಧನೂರು ಕಡೆಯ ನೀರು ಗಡಸು ಇರಬಹುದು, ಪಾತ್ರೆಯಲ್ಲಿ ಸುಣ್ಣ ಕಟ್ಟಬಹುದು. ಆದರೆ ಅದೇ ಸುಣ್ಣ ರಕ್ತನಾಳಕ್ಕೆ ಹೋಗಿ ಕೂರುವುದಿಲ್ಲ. ಹೃದಯಕ್ಕೆ ರಕ್ತ ಕೊಡುವ ನಾಳದ ಗೋಡೆಯೊಳಗೆ ವರ್ಷಾನುಗಟ್ಟಲೆ ಕೊಲೆಸ್ಟ್ರಾಲ್ ಸೇರುತ್ತದೆ. ಅಲ್ಲಿ ಉರಿಯೂತ ಆಗುತ್ತದೆ. ದೇಹ ಆ ಜಾಗವನ್ನು ಗಟ್ಟಿ ಮಾಡಿಕೊಳ್ಳುವಾಗ ಕ್ಯಾಲ್ಸಿಯಂ ತುಂಬುತ್ತದೆ. ಹಳೆಯ ಗಾಯ ಮಾಗಿ ಉಳಿದ ಕಲೆ ಇರುತ್ತಲ್ಲ, ಹಾಗೆ ಇದು. ಹಾಗಾಗಿ ಕ್ಯಾಲ್ಸಿಯಂ ಕಂಡಿದೆ ಅಂದರೆ ನಾಳದಲ್ಲಿ ಕೊಬ್ಬಿನ ಕಾಯಿಲೆ ಶುರುವಾಗಿ ಎಷ್ಟೋ ವರ್ಷ ಆಗಿದೆ ಅಂತ ಅರ್ಥ.

ಈಗ 118 ಎಲ್ಲಿಂದ ಬಂತು ನೋಡು. ಈ ಸ್ಕ್ಯಾನಲ್ಲಿ ಇಂಜೆಕ್ಷನ್ ಕೊಟ್ಟು ಬಣ್ಣ ಬಿಡುವುದಿಲ್ಲ. ಎದೆಗೆ ಇಸಿಜಿ ವೈರ್ ಹಚ್ಚಿ, ಹೃದಯದ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುತ್ತಾರೆ. ಸುಣ್ಣ ಇರುವ ಜಾಗ ಬೆಳ್ಳಗೆ ಕಾಣುತ್ತದೆ. ಒಂದು ಮಟ್ಟಕ್ಕಿಂತ ಬೆಳ್ಳಗೆ ಇದ್ದರೆ ಮಾತ್ರ ಲೆಕ್ಕಕ್ಕೆ, ಸ್ಕ್ಯಾನಿನ ಬಿಳುಪಿನ ಅಳತೆಯಲ್ಲಿ ಆ ಮಟ್ಟ 130. ಚುಕ್ಕೆ ಎಷ್ಟು ಚದರ ಮಿಲಿಮೀಟರ್ ಇದೆ ಅಂತ ಅಳೆದು, ಬಿಳುಪು ನೋಡಿ 1ರಿಂದ 4ರವರೆಗೆ ಒಂದು ಅಂಕದಿಂದ ಗುಣಿಸುತ್ತಾರೆ. 8 ಚದರ ಮಿಲಿಮೀಟರ್ ಚುಕ್ಕೆ, ಬಿಳುಪು 350 ಇದ್ದರೆ ಅಂಕ 3. ಎಂಟು ಮೂರಲಿ 24. ಹೀಗೆ ಎಲ್ಲಾ ಚುಕ್ಕೆ ಕೂಡಿಸಿದರೆ ಸ್ಕೋರ್. 1990ರಲ್ಲಿ ಅಗಾಟ್‌ಸ್ಟನ್ ಅನ್ನೋ ಅಮೆರಿಕದ ಡಾಕ್ಟರ್ ಮತ್ತು ಜೊತೆಯವರು ಮಾಡಿದ ಲೆಕ್ಕ ಇದು. ಅದಕ್ಕೇ ರಿಪೋರ್ಟಲ್ಲಿ ಅವರ ಹೆಸರಿದೆ. ನಿಮ್ಮವರಿಗೆ ಹೃದಯದ ಮುಂಭಾಗದ ದೊಡ್ಡ ನಾಳ ಎಲ್‌ಎಡಿಯಲ್ಲಿ 96, ಬಲಗಡೆಯ ನಾಳದಲ್ಲಿ 22, ಉಳಿದ ಎರಡು ಸೊನ್ನೆ.

ಹಾಗಾದರೆ ನಾಳ ಎಷ್ಟು ಕಿರಿದಾಗಿದೆ ಅಂತ ಈ ನಂಬರ್ ಹೇಳುವುದೇ ಇಲ್ಲ. 118 ಇದ್ದವರಿಗೆ ಅಡ್ಡಿ ಏನೂ ಇಲ್ಲದೆ ರಕ್ತ ಹರಿಯುತ್ತಿರಬಹುದು. ಇದು ಕಾಯಿಲೆ ಒಟ್ಟು ಎಷ್ಟು ಸೇರಿದೆ ಅನ್ನೋ ಅಂದಾಜು. ಸೇರಿದಷ್ಟೂ, ಒಂದು ಕಡೆ ಮೆತ್ತನೆಯ ಕೊಬ್ಬು ಒಡೆದು ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಹಾರ್ಟ್ ಅಟ್ಯಾಕ್ ಆಗುವುದು ಬಹುಪಾಲು ಹಾಗೆಯೇ. ಆ ಮೆತ್ತನೆಯ ಕೊಬ್ಬು ಈ ಸ್ಕ್ಯಾನಲ್ಲಿ ಕಾಣಲ್ಲ, ನೆನಪಿಟ್ಟುಕೋ.

ಮುಂದೆ ಏನು ಅನ್ನೋದಕ್ಕೆ ದೊಡ್ಡ ಆಧಾರ ಅಮೆರಿಕದ ಮೆಸಾ ಅನ್ನೋ ಅಧ್ಯಯನ. 2000ದಲ್ಲಿ ಶುರುವಾಗಿ, 45ರಿಂದ 84 ವಯಸ್ಸಿನ ಹೃದಯದ ಕಾಯಿಲೆ ಇಲ್ಲದ 6,814 ಜನರನ್ನು ನೋಡುತ್ತಾ ಬಂದರು. ಅಲ್ಲಿ ಸ್ಕೋರ್ 100 ದಾಟಿದವರಲ್ಲಿ, ಯಾವ ವಯಸ್ಸೇ ಇರಲಿ, ಹತ್ತು ವರ್ಷದಲ್ಲಿ ನೂರಕ್ಕೆ ಏಳೆಂಟು ಜನಕ್ಕಾದರೂ ಹಾರ್ಟ್ ಅಟ್ಯಾಕ್ ಅಥವಾ ಲಕ್ವಾ ಆಗಿತ್ತು. ಸೊನ್ನೆ ಇದ್ದವರಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಅಂದರೆ 100 ದಾಟಿದವರಲ್ಲೂ ಬಹುಪಾಲು ಜನಕ್ಕೆ ಹತ್ತು ವರ್ಷ ಏನೂ ಆಗದೇ ಇರಬಹುದು. ಹೆದರಿ ರಾತ್ರಿ ನಿದ್ದೆ ಬಿಡಬೇಕಾಗಿಲ್ಲ. ಆದರೆ ಸುಮ್ನೆ ಬಿಡುವ ನಂಬರ್ ಕೂಡ ಅಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ವಯಸ್ಸಿನ ಬಗ್ಗೆ. 70ರ ಅಜ್ಜನಿಗೆ 118 ಬಂದರೆ ಅದು ಸಾಮಾನ್ಯ. 48ರ ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಸೊನ್ನೆ ಇರುತ್ತದೆ. ಅದೇ ವಯಸ್ಸಿನ ನೂರು ಗಂಡಸರನ್ನು ಸ್ಕೋರ್ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮವರು ಮೇಲಿನ ಕಾಲುಭಾಗದಲ್ಲಿ ನಿಲ್ಲುತ್ತಾರೆ. ಅಂದರೆ ಕಾಯಿಲೆ ಬೇಗ ಶುರುವಾಗಿದೆ. ಮೆಸಾದಲ್ಲಿ ನಮ್ಮ ದೇಶದ ಮೂಲದವರು ಇರಲಿಲ್ಲ. ನಮ್ಮವರಿಗೆ ಮೊದಲ ಹಾರ್ಟ್ ಅಟ್ಯಾಕ್ ಬೇರೆ ದೇಶದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಅಂತ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಕಂಡಿದೆ. ಹಾಗಾಗಿ ಅಲ್ಲಿನ ಅಂದಾಜನ್ನು ನಾನು ಕಡಿಮೆ ಅಂತಲೇ ಹಿಡಿಯುತ್ತೇನೆ. ಮೇಲೆ ಅವರಣ್ಣನಿಗೆ 51ಕ್ಕೇ ಸ್ಟೆಂಟ್ ಹಾಕಿದ್ದು ನಿನಗೆ ಗೊತ್ತಲ್ವಾ? ಅದನ್ನು ಡಾಕ್ಟರಿಗೆ ಹೇಳಲೇಬೇಕು. ಗುಟ್ಕಾನೂ ಹೇಳಬೇಕು. ಬೀಡಿ ಸಿಗರೇಟು ಇಲ್ಲ ಅಂತ ಅವರು ಸಮಾಧಾನ ಮಾಡ್ಕೋತಾರೆ. ಜಗಿದ ತಂಬಾಕಿನ ನಿಕೋಟಿನ್ ಕೂಡ ರಕ್ತಕ್ಕೇ ಹೋಗುತ್ತದೆ, ಬಿಪಿ ಏರಿಸುತ್ತದೆ. ಅದು ಪೂರ್ತಿ ನಿಲ್ಲಬೇಕು. ದಿನಕ್ಕೆ ಒಂದೇ ಪ್ಯಾಕೆಟ್ ಅನ್ನೋ ಮಾತು ಬೇಡ.

ಈಗ ಏನು ಮಾಡೋದು. ಮಾವನವರು ಹೇಳಿದಂತೆ ಬಳ್ಳಾರಿಗೋ ಹೈದರಾಬಾದಿಗೋ ಓಡಿ ನೇರ ಆಂಜಿಯೋಗ್ರಾಂ ಮಾಡಿಸುವ ಅಗತ್ಯ ಇಲ್ಲ. ನೋವಿಲ್ಲದವರಿಗೆ ಬರೀ ಈ ನಂಬರ್ ನೋಡಿ ಸ್ಟೆಂಟ್ ಹಾಕಿದರೆ ಮುಂದಿನ ಅಟ್ಯಾಕ್ ತಪ್ಪುವುದಿಲ್ಲ. ಒಂದು ಕಡೆ ಸ್ಟೆಂಟ್ ಹಾಕಿದರೂ ಕಾಯಿಲೆ ಇಡೀ ನಾಳದಲ್ಲಿರುತ್ತದೆ. ಅದಕ್ಕೆ ಮಾತ್ರೆ ಬೇಕು. ಸ್ಕೋರ್ 100 ದಾಟಿದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡಿ ಅಂತ ಅಮೆರಿಕದ ಹೃದ್ರೋಗ ಸಂಘಗಳ 2018ರ ಮಾರ್ಗಸೂಚಿಯೂ ಹೇಳುತ್ತದೆ. ಅವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 146. ಅಟೊರ್ವಾಸ್ಟಾಟಿನ್ ಅನ್ನೋ ಸ್ಟ್ಯಾಟಿನ್ 40 ಮಿಲಿಗ್ರಾಂ ಕೊಟ್ಟರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, 73ರ ಹತ್ತಿರ. ನಮಗೆ 70ರ ಕೆಳಗೆ ಬೇಕು, ಹಾಗಾಗಿ ಊಟದಲ್ಲೂ ಸ್ವಲ್ಪ ಹಿಡಿತ ಬೇಕು. ಸಂಜೆ ಮಂಡಕ್ಕಿ ತಿನ್ನಲಿ, ಜೊತೆಗೆ ದಿನಾ ಮಿರ್ಚಿ ಬೇಡ. ಡೋಸ್ ಡಾಕ್ಟರ್ ಲಿವರ್ ಟೆಸ್ಟ್ ನೋಡಿ ತೀರ್ಮಾನಿಸಲಿ. ಆರರಿಂದ ಎಂಟು ವಾರಕ್ಕೆ ಮತ್ತೆ ಎಲ್‌ಡಿಎಲ್ ನೋಡಿಸಬೇಕು. ಬಿಪಿ 138/88 ಇದೆ. ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಸಂಜೆ ಬರೆದಿಟ್ಟುಕೊಂಡು ಹೋಗಿ. ಆಸ್ಪಿರಿನ್ ಮಾತ್ರ ಯಾರೋ ಹೇಳಿದರು ಅಂತ ಅಂಗಡಿಯಿಂದ ತಂದು ಶುರು ಮಾಡಬೇಡಿ. ಅವರಿಗೆ ಹೊಟ್ಟೆ ಹುಣ್ಣಾಗಿತ್ತಲ್ಲ, ರಕ್ತಸ್ರಾವದ ಭಯ ಇದೆ.

ಇನ್ನೊಂದು ಮುಖ್ಯ. ಸ್ಟ್ಯಾಟಿನ್ ತಗೊಂಡು ಎರಡು ವರ್ಷಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿದರೆ ಸ್ಕೋರ್ 118ರಿಂದ 150 ಆಗಿರಬಹುದು. ಮಾತ್ರೆ ಕೆಲಸ ಮಾಡಲಿಲ್ಲ ಅಂತ ಬಹಳ ಜನ ಬಿಟ್ಟುಬಿಡ್ತಾರೆ. ನಿಜ ಏನಂದರೆ, ಸ್ಟ್ಯಾಟಿನ್ ಮೆತ್ತನೆಯ ಕೊಬ್ಬನ್ನು ಗಟ್ಟಿ ಮಾಡುತ್ತದೆ. ಗಟ್ಟಿಯಾದದ್ದು ಬೆಳ್ಳಗೆ ಕಾಣುತ್ತದೆ, ಗುಣಿಸುವ ಅಂಕ ಏರುತ್ತದೆ, ಸ್ಕೋರೂ ಏರುತ್ತದೆ. ಅದೇ ಹೊತ್ತಿಗೆ ಒಡೆಯುವ ಅಪಾಯ ಇಳಿದಿರುತ್ತದೆ. ಆದ್ದರಿಂದ ಮಾತ್ರೆ ಶುರುವಾದ ಮೇಲೆ ಈ ಸ್ಕ್ಯಾನ್ ಮತ್ತೆ ಮತ್ತೆ ಮಾಡಿಸುವುದು ಬೇಡ. ಎಲ್‌ಡಿಎಲ್ ಮತ್ತು ಬಿಪಿ ನೋಡಿದರೆ ಸಾಕು.

ನಡೆಯುವಾಗಲೋ ಮೆಟ್ಟಿಲು ಹತ್ತುವಾಗಲೋ ಎದೆ ಹಿಡಿದಂತಾದರೆ, ನೋವು ಎಡಗೈಗೋ ದವಡೆಗೋ ಹರಿದರೆ, ಬೆವರು ಬಂದರೆ, ಈ ರಿಪೋರ್ಟ್ ಲೆಕ್ಕ ಅಲ್ಲಿಗೆ ಮುಗಿಯಿತು. ಗ್ಯಾಸ್ ಅಂತ ಸೋಡಾ ಕುಡಿಸಿ ಕಾಯಬೇಡ. ರಾತ್ರಿ ಎಷ್ಟೊತ್ತೇ ಇರಲಿ, ಇಸಿಜಿ ಇರುವ ಆಸ್ಪತ್ರೆಗೆ ಕರ್ಕೊಂಡು ಹೋಗು, ದಾರಿಯಲ್ಲೇ ನನಗೆ ಫೋನ್ ಮಾಡು. ಅಂಥದ್ದೇನೂ ಇಲ್ಲದಿದ್ದರೆ ಸೋಮವಾರ ಇಬ್ಬರೂ ರಾಯಚೂರಿಗೆ ಬನ್ನಿ. ಅವರಣ್ಣನ ಹಳೆಯ ಫೈಲನ್ನೂ ತಗೊಂಡು ಬಾ.