ಇಂಟರ್‌ವ್ಯೂ ಶುರುವಾಗೋ ಮೊದಲು ಏನು ಮಾತಾಡ್ತೀರಿ?

"ದಾವಣಗೆರೆಯ ನಮ್ಮ ಶಾಲೆಯಲ್ಲಿ ಕ್ಲರ್ಕ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಮೊದಲು ನಾನೇ ಮಾತಾಡಬೇಕು. ಬಂದವರ ಹೆದರಿಕೆ ಹೋಗೋ ಹಾಗೆ ಏನು ಹೇಳಲಿ?"

ಆಸ್ಪತ್ರೆ ಎಚ್‌ಆರ್: ನಾನೂ ಮೊದಲು "ಹೆದರಬೇಡಿ" ಅನ್ನುತ್ತಿದ್ದೆ. ತಮ್ಮ ಹೆದರಿಕೆ ನಮಗೆ ಕಾಣ್ತಿದೆ ಅಂತ ಗೊತ್ತಾಗಿ ಬಂದವರು ಇನ್ನೂ ಬೆವರುತ್ತಿದ್ದರು. ಜಗಳೂರು ಕಡೆಯ ಒಬ್ಬ ನರ್ಸ್ ಮೂರನೇ ಪ್ರಶ್ನೆಗೆ ಸುಮ್ಮನಾಗಿಬಿಟ್ಟಳು. ಆಮೇಲೆ ಹೊರಗೆ ಕೇಳಿದರೆ, "ನೀವು ಬರೀತಿದ್ರಿ ಸರ್, ತಪ್ಪು ಗುರುತು ಹಾಕ್ತಿದ್ದೀರಿ ಅನ್ಕೊಂಡೆ" ಅಂದಳು. ಅವಳನ್ನು ತಗೊಳ್ಳಲಿಲ್ಲ. ಆ ಜಾಗ 2 ತಿಂಗಳು ಖಾಲಿ ಇತ್ತು. ರಾತ್ರಿ ಪಾಳಿಗೆ ಹೊರಗಿನವರನ್ನು ಕರೆಸಿ ದಿನಕ್ಕೆ 1,200 ರೂಪಾಯಿ ಕೊಟ್ಟೆವು. ಇವತ್ತಿಗೂ ಆ ನೋವಿದೆ.

ಈಗ ಹೀಗೆ ಹೇಳುತ್ತೇನೆ: "ಬನ್ನಿ, ಕೂತ್ಕೊಳ್ಳಿ, ನೀರು ಕುಡೀರಿ. ಇವರು ನರ್ಸಿಂಗ್ ಸೂಪರಿಂಟೆಂಡೆಂಟ್. 20 ನಿಮಿಷ, 6 ಪ್ರಶ್ನೆ. ನಾವು ಬರೆದುಕೊಳ್ಳೋದು ಮರೆಯಬಾರದು ಅಂತ, ಅಷ್ಟೇ. ಯೋಚನೆ ಮಾಡಿ ಹೇಳಿ. ಅರ್ಥ ಆಗದಿದ್ದರೆ ಮತ್ತೆ ಕೇಳಿ. ಕೊನೆಗೆ ನೀವೂ ನಮ್ಮನ್ನು ಕೇಳಬಹುದು." ಒಂದೂವರೆ ನಿಮಿಷ ಸಾಕು. ಚೀಟಿಯಲ್ಲಿ ಬರೆದಿಟ್ಟುಕೊಂಡು ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಒಬ್ಬರಿಗೆ ನಗುತ್ತಾ ಹೇಳಿ ಇನ್ನೊಬ್ಬರಿಗೆ ಅರ್ಧಕ್ಕೇ ಬಿಟ್ಟರೆ ಅನ್ಯಾಯ ಅಲ್ವಾ?

ಬಟ್ಟೆ ಅಂಗಡಿಯವನು: ಚೀಟಿ ಹಿಡಿದು ಮಾತಾಡಿದರೆ ಯಾರಿಗೆ ಧೈರ್ಯ ಬರುತ್ತದೆ ಸರ್? ನಾನು ಚಹಾ ತರಿಸಿ ಯಾವ ಊರು, ಯಾರ ಮನೆಯವರು, ಅಪ್ಪ ಏನು ಮಾಡ್ತಾರೆ ಅಂತ ಹತ್ತು ನಿಮಿಷ ಮಾತಾಡಿಸುತ್ತೇನೆ. ಸರಾಗವಾಗಿ ಮಾತು ಬರುತ್ತದೆ. ಒಂದು ಸಲ ಮಾತ್ರ 8 ಜನ ಬಂದಿದ್ದರು. ಹರಟೆಗೇ 80 ನಿಮಿಷ ಹೋಯಿತು. ಕೊನೆಯವನು ಹೊನ್ನಾಳಿ ಬಸ್ಸಿಗೆ ಎದ್ದು ಹೋದ. ಲೆಕ್ಕದಲ್ಲಿ ಅವನೇ ಚುರುಕು ಅಂತ ಆಮೇಲೆ ಗೊತ್ತಾಯಿತು.

ಚಿತ್ರದುರ್ಗದ ಹುಡುಗಿ: "ಯಾರ ಮನೆಯವರು" ಅಂದರೆ ಜಾತಿ ಕೇಳಿದ ಹಾಗೇ ಅಣ್ಣಾ. ನನ್ನನ್ನು ಒಂದು ಕಡೆ ಹಾಗೆ ಕೇಳಿದರು. ನಾನು ಹೇಳಿದ ಮೇಲೆ ಅವರ ಮುಖವೇ ಬೇರೆ ಆಯಿತು. ಆಮೇಲೆ ಟ್ಯಾಲಿ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ. ಆ ದಿನದ ಕೂಲಿ 450 ಹೋಯಿತು, ಬಸ್ ಚಾರ್ಜು ಬೇರೆ.

ಬಟ್ಟೆ ಅಂಗಡಿಯವನು: ನಾನು ಜಾತಿ ಕೇಳೋನಲ್ಲಮ್ಮ! ಪ್ರೀತಿಯಿಂದ ಕೇಳೋದು.

ಚಿತ್ರದುರ್ಗದ ಹುಡುಗಿ: ಕೂತವಳಿಗೆ ಅದು ಹೇಗೆ ಗೊತ್ತಾಗಬೇಕು?

ಹರಿಹರದ ತಂದೆ: ನನ್ನ ಮಗನಿಗೆ ಬ್ಯಾಂಕ್ ಇಂಟರ್‌ವ್ಯೂ ಇದೆ. "ನಿಮ್ಮ ಬಗ್ಗೆ ಹೇಳಿ" ಅಂದರೆ ಏನು ಹೇಳಬೇಕು? ಕೋಚಿಂಗಿಗೆ 14,000 ಕಟ್ಟಿದ್ದೇನೆ. ಅಲ್ಲಿ ಇಂಗ್ಲಿಷ್‌ನಲ್ಲೇ ಉರು ಹೊಡೆಸುತ್ತಾರೆ.

ಆಸ್ಪತ್ರೆ ಎಚ್‌ಆರ್: ಸರ್, ಇಲ್ಲಿ ಕೇಳಿರೋದು ಇಂಟರ್‌ವ್ಯೂ ಮಾಡುವವರು, ಕೊಡುವವರಲ್ಲ. ಆದರೆ ನಿಮ್ಮ ಮಾತಿನಿಂದ ಒಂದು ನೆನಪಾಯಿತು. "ನಿಮ್ಮ ಬಗ್ಗೆ ಹೇಳಿ" ಅನ್ನೋದು ಸುಲಭದ ಪ್ರಶ್ನೆ ಅಂತ ಅದರಿಂದಲೇ ಶುರು ಮಾಡ್ತಾರೆ. ಎಲ್ಲಿಂದ ಹಿಡಿಯಬೇಕು ಅಂತ ತಿಳಿಯದೆ ಜಾಸ್ತಿ ತಡವರಿಸೋದು ಅಲ್ಲೇ. ನಾನು "ಈಗಿನ ಕೆಲಸದಲ್ಲಿ ಬೆಳಿಗ್ಗೆ ಬಂದ ಕೂಡಲೇ ಏನು ಮಾಡ್ತೀರಿ?" ಅಂತ ಕೇಳುತ್ತೇನೆ. ಕನ್ನಡದಲ್ಲಿ ಹೇಳಬಹುದು ಅಂತಲೂ ಮೊದಲೇ ತಿಳಿಸುತ್ತೇನೆ.

ಬಟ್ಟೆ ಅಂಗಡಿಯವನು: ಹೊಸಬರಿಗೆ ಈಗಿನ ಕೆಲಸ ಎಲ್ಲಿಂದ ಬರಬೇಕು ಸರ್?

ಚಿತ್ರದುರ್ಗದ ಹುಡುಗಿ: ಕಾಲೇಜಿನ ಒಂದು ದಿನ ಕೇಳಿ. ಅಪ್ಪನ ವಿಷಯ ಬಿಡಿ.

ಬಟ್ಟೆ ಅಂಗಡಿಯವನು: ಮತ್ತೆ ಅಲ್ಲಿಗೇ ಬಂದ್ರಾ? ಚಹಾನೂ ಕೊಡಬಾರದಾ ಹಾಗಾದ್ರೆ?

ಚಿತ್ರದುರ್ಗದ ಹುಡುಗಿ: ನಡುಗೋ ಕೈಗೆ ಬಿಸಿ ಲೋಟ ಕೊಡಬೇಡಿ ಅಣ್ಣಾ. ನಾನು ಸರ್ಟಿಫಿಕೇಟ್ ಮೇಲೆ ಚೆಲ್ಲಿಕೊಂಡಿದ್ದೇನೆ.