ಸಹಾಯ ಬೇಕು: ಸಂಬಳದಲ್ಲಿ ಗ್ರಾಚ್ಯುಟಿ ಮುರಿದಿದ್ದಾರೆ

ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಇಂಗ್ಲಿಷ್ ಪೇಸ್ಲಿಪ್ ಓದಿ ಹೇಳುತ್ತಿದ್ದೇನೆ. ಬೇಸಿಕ್ 15,000, ಮನೆ ಬಾಡಿಗೆ ಭತ್ಯೆ 6,000, ಇತರೆ ಭತ್ಯೆ 3,000. ಒಟ್ಟು 24,000 ರೂಪಾಯಿ. ಪಿಎಫ್ 1,800 ಕಡಿತ, ಅಂದರೆ ಬೇಸಿಕ್‌ನ ಶೇ. 12. ಕಂಪನಿಯೂ ತನ್ನ ಪಾಲು ಹಾಕುತ್ತೆ ಅಂದೆ, ಅವನಿಗೆ ಅರ್ಥವಾಯಿತು.

ಆದರೆ ಕಡಿತದ ಕಡೆ ಗ್ರಾಚ್ಯುಟಿ 721 ಅಂತಲೂ ಇದೆ! 15,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 12 ತಿಂಗಳಿಗೆ ಹಂಚಿದರೆ ಸರಿಯಾಗಿ ಅಷ್ಟೇ ಬರುತ್ತೆ. ಬ್ಯಾಂಕಿಗೆ ಬಂದಿದ್ದು 21,479 ಮಾತ್ರ, ಹಾಗಾಗಿ ನಿಜವಾಗಿಯೂ ಮುರಿದಿದ್ದಾರೆ. ಗ್ರಾಚ್ಯುಟಿ ಪೂರ್ತಿ ಕಂಪನಿಯೇ ಕೊಡಬೇಕಾದ ಹಣ. ಆಫರ್ ಲೆಟರ್‌ನ ಸಿಟಿಸಿಯಲ್ಲಿ ಸೇರಿಸಿ ತೋರಿಸೋದು ಬೇರೆ, ತಿಂಗಳ ಸಂಬಳದಲ್ಲಿ ಹಿಡಿಯೋದು ಬೇರೆ ಅಲ್ವಾ?

ಹೀಗೆ ಮುರಿದದ್ದನ್ನು ಯಾರಾದರೂ ವಾಪಸ್ ಪಡೆದಿದ್ದೀರಾ? ಎಚ್‌ಆರ್‌ಗೆ ಪತ್ರದಲ್ಲಿ ಏನು ಬರೆದಿರಿ, ದಯವಿಟ್ಟು ತಿಳಿಸಿ.