ಆಹ್ವಾನ ಪತ್ರಿಕೆಯ ಚಿತ್ರದಲ್ಲಿ ಅರ್ಕಾವತ್ತಿನ ತಪ್ಪು: ಮೂಲ ಫೈಲ್ ಇಲ್ಲದೆ ತಿದ್ದಿದವರ ಅನುಭವಗಳು

ಕೇಳಿದವರು, ತುಮಕೂರು: ನನ್ನ ತಂಗಿಯ ಮದುವೆಯ ಆಹ್ವಾನ ಪತ್ರಿಕೆಯಲ್ಲಿ "ಆಶೀರ್ವದಿಸಬೇಕಾಗಿ" ಎಂದಿರಬೇಕಾದಲ್ಲಿ "ಆರ್ಶೀವದಿಸಬೇಕಾಗಿ" ಎಂದಾಗಿದೆ. ವಿನ್ಯಾಸ ಮಾಡಿದ ಅಂಗಡಿಯ ಕಂಪ್ಯೂಟರ್ ಕೆಟ್ಟು, ಕೋರಲ್ ತಂತ್ರಾಂಶದಲ್ಲಿ ಮಾಡಿದ ಮೂಲ ಫೈಲ್ ಹೋಗಿದೆಯಂತೆ. ನಮ್ಮ ಬಳಿ ವಾಟ್ಸಾಪ್‌ನಲ್ಲಿ ಬಂದ ಚಿತ್ರ ಮಾತ್ರ ಇದೆ. ಮುದ್ರಣ ಇನ್ನೂ ಆಗಿಲ್ಲ. ಚಿತ್ರದಲ್ಲೇ ತಿದ್ದಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ.

ಗೌರಿಬಿದನೂರಿನಿಂದ ಒಬ್ಬರು: ಇದು ಬಹಳ ಸುಲಭ. ನಮ್ಮ ಕಡೆಯ ಅಂಗಡಿಗಳಲ್ಲಿ ಹೆಚ್ಚಾಗಿ ನುಡಿ ತಂತ್ರಾಂಶದ ಫಾಂಟ್‌ಗಳನ್ನೇ ಬಳಸುತ್ತಾರೆ. ಅದೇ ಫಾಂಟನ್ನು ಇಳಿಸಿಕೊಂಡು, ತಪ್ಪಿರುವ ಪದದ ಮೇಲೆ ಹಿನ್ನೆಲೆಯ ಬಣ್ಣದ ಒಂದು ಚೌಕ ಹಾಕಿ, ಅದರ ಮೇಲೆ ಸರಿಯಾದ ಪದವನ್ನು ಟೈಪ್ ಮಾಡಿದರೆ ಕೆಲಸ ಮುಗಿಯಿತು. ನಾನು ನಮ್ಮ ಸಂಘದ ಕರಪತ್ರಕ್ಕೆ ಹೀಗೆಯೇ ಮಾಡಿದ್ದೆ, ಯಾರೂ ಏನೂ ಹೇಳಲಿಲ್ಲ.

ಗುಬ್ಬಿಯಲ್ಲಿ ಡಿ.ಟಿ.ಪಿ. ಕೆಲಸ ಮಾಡುವವರು: ಫಾಂಟ್ ನುಡಿಯದೇ ಇರಬಹುದೆಂಬ ನಿಮ್ಮ ಊಹೆ ಸರಿಯಾಗಿಯೇ ಇದೆ ಸರ್. ಆದರೆ ಅಂಗಡಿಗಳಲ್ಲಿ ಈಗಲೂ ನಡೆಯುವುದು ಹಳೆಯ ಆಸ್ಕಿ ಮಾದರಿಯ ನುಡಿ ಫಾಂಟ್‌ಗಳು. ಮೊಬೈಲಿನಲ್ಲಿ ನಾವು ಬರೆಯುವುದು ಯೂನಿಕೋಡ್. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಆ ಫಾಂಟನ್ನು ಆರಿಸಿದರೆ ಅಕ್ಷರ ಆ ಫಾಂಟಿನಲ್ಲಿ ಮೂಡುವುದೇ ಇಲ್ಲ, ಕಂಪ್ಯೂಟರ್ ತನಗೆ ತೋಚಿದ ಬೇರೊಂದು ಫಾಂಟನ್ನು ತಂದು ಕೂರಿಸುತ್ತದೆ. ಕೇಳಿದವರು ನುಡಿಯಲ್ಲಿ ಟೈಪ್ ಮಾಡಲು ಬಲ್ಲವರಲ್ಲದಿದ್ದರೆ ಈ ದಾರಿಯಲ್ಲಿ ಒಂದು ಇಡೀ ಸಂಜೆ ಹೋಗುತ್ತದೆ.

ಇನ್ನು ಚೌಕ ಹಾಕುವ ವಿಷಯ. ವಾಟ್ಸಾಪ್‌ನಿಂದ ಬಂದ ಚಿತ್ರ ಒತ್ತಿ ಕುಗ್ಗಿಸಿದ ಜೆಪೆಗ್ ಆಗಿರುತ್ತದೆ. ಅದನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿ: ಪ್ರತಿ ಅಕ್ಷರದ ಸುತ್ತಲೂ ಧೂಳು ಕವಿದಂತೆ ಮಸುಕಾದ ಚುಕ್ಕೆಗಳಿರುತ್ತವೆ. ಆ ಚುಕ್ಕೆಗಳ ನಡುವೆ ಶುದ್ಧ ಬಣ್ಣದ ಒಂದು ಚೌಕವನ್ನು ಹಾಕಿ ಹರಿತವಾದ ಹೊಸ ಅಕ್ಷರಗಳನ್ನು ಕೂರಿಸಿದರೆ, ಮೊಬೈಲ್ ಪರದೆಯಲ್ಲಿ ಗೊತ್ತಾಗದಿದ್ದರೂ ಆರ್ಟ್ ಕಾಗದದ ಮೇಲೆ ಆ ಪದವೊಂದೇ ಎದ್ದು ಕಾಣುತ್ತದೆ.

ಅದೃಷ್ಟವಶಾತ್ ನಿಮ್ಮ ತಪ್ಪಿಗೆ ಹೊಸ ಅಕ್ಷರವೇ ಬೇಕಾಗಿಲ್ಲ. ಅರ್ಕಾವತ್ತನ್ನು ಉಚ್ಚರಿಸುವುದು ಮೊದಲು, ಆದರೆ ಅಚ್ಚಿನಲ್ಲಿ ಅದು ಕೂರುವುದು ಅಕ್ಷರದ ನಂತರ. ನಿಮ್ಮ ಚಿತ್ರದಲ್ಲಿ ಕಣ್ಣಿಗೆ ಕಾಣುತ್ತಿರುವುದು ಆ, ಶೀ, ಅರ್ಕಾವತ್ತು, ವ, ದಿ ಎಂಬ ಸಾಲು. ಬೇಕಾಗಿರುವುದು ಆ, ಶೀ, ವ, ಅರ್ಕಾವತ್ತು, ದಿ. ಅಂದರೆ ಅಕ್ಕಪಕ್ಕದ ಎರಡು ತುಂಡುಗಳನ್ನು ಅದಲು ಬದಲು ಮಾಡಿದರೆ ಸಾಕು. ಅದೇ ಫಾಂಟ್, ಅದೇ ಗಾತ್ರ, ಅದೇ ಬಣ್ಣ, ಸುತ್ತಲಿನ ಧೂಳೂ ಅದೇ. ಪದದ ಒಟ್ಟು ಅಗಲವೂ ಬದಲಾಗದ ಕಾರಣ ಉಳಿದ ಸಾಲನ್ನು ಸರಿಸುವ ಪ್ರಮೇಯವಿಲ್ಲ.

ನಾನು ಇದನ್ನು ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮಾಡುತ್ತೇನೆ. ಚಿತ್ರದ ಒಂದು ಪ್ರತಿಯನ್ನು ತೆರೆದು ಶೇಕಡಾ 400ರಷ್ಟು ಹಿಗ್ಗಿಸಿ. `Rectangle Select` ಸಲಕರಣೆಯಿಂದ ಅರ್ಕಾವತ್ತನ್ನು ಆರಿಸುವಾಗ ಎಡ ಅಂಚು ಶೀ ಮತ್ತು ಅರ್ಕಾವತ್ತಿನ ನಡುವಿನ ಖಾಲಿ ಜಾಗದ ಮಧ್ಯಕ್ಕೂ, ಬಲ ಅಂಚು ಅರ್ಕಾವತ್ತು ಮತ್ತು ವ ನಡುವಿನ ಖಾಲಿ ಜಾಗದ ಮಧ್ಯಕ್ಕೂ ಬರಲಿ. ಮೇಲೆ ಕೆಳಗೆ ಸಾಲಿನ ಪೂರ್ತಿ ಎತ್ತರವನ್ನು ತೆಗೆದುಕೊಳ್ಳಿ. ಅದನ್ನು ನಕಲಿಸಿ ಬೇರೊಂದು ಪದರಕ್ಕೆ ಹಾಕಿ. ವ ಅಕ್ಷರವನ್ನೂ ಅಷ್ಟೇ ಎತ್ತರದಲ್ಲಿ, ಮೊದಲ ತುಂಡು ಮುಗಿದ ಗೆರೆಯಿಂದಲೇ ಶುರುಮಾಡಿ ದಿ ಅಕ್ಷರದ ಮುಂಚಿನ ಖಾಲಿ ಜಾಗದವರೆಗೆ ಆರಿಸಿ ಇನ್ನೊಂದು ಪದರಕ್ಕೆ ಹಾಕಿ.

ಉದಾಹರಣೆಗೆ, ಅರ್ಕಾವತ್ತಿನ ತುಂಡು ಅಡ್ಡಲಾಗಿ 612ನೇ ಪಿಕ್ಸೆಲ್‌ನಿಂದ 634ರವರೆಗೆ, ವ ತುಂಡು 634ರಿಂದ 672ರವರೆಗೆ ಇದೆ ಎಂದಿಟ್ಟುಕೊಳ್ಳೋಣ. ಮೊದಲನೆಯದರ ಅಗಲ 22, ಎರಡನೆಯದರದು 38. ಈಗ ವ ತುಂಡನ್ನು 612ಕ್ಕೆ ತಂದರೆ ಅದು 650ಕ್ಕೆ ಮುಗಿಯುತ್ತದೆ, ಅರ್ಕಾವತ್ತನ್ನು 650ಕ್ಕೆ ಇಟ್ಟರೆ ಸರಿಯಾಗಿ 672ಕ್ಕೆ ಮುಗಿಯುತ್ತದೆ. ಹಳೆಯ ಜಾಗ ಪೂರ್ತಿ ಮುಚ್ಚಿಹೋಗುವುದರಿಂದ ತೇಪೆ ಹಾಕುವ ಕೆಲಸವೇ ಉಳಿಯುವುದಿಲ್ಲ. ತುಂಡುಗಳನ್ನು ಸರಿಸಲು ಮೌಸ್ ಬೇಡ, ಬಾಣದ ಕೀಲಿಗಳನ್ನು ಬಳಸಿದರೆ ಒಂದೊಂದೇ ಪಿಕ್ಸೆಲ್ ಚಲಿಸುತ್ತದೆ.

ಎರಡು ಕಡೆ ಎಡವುವ ಸಂಭವವಿದೆ. ಕೆಲವು ಫಾಂಟ್‌ಗಳಲ್ಲಿ ಶೀ ಅಕ್ಷರದ ದೀರ್ಘದ ಬಾಲ ಅರ್ಕಾವತ್ತಿನ ಕಡೆಗೆ ಚಾಚಿಕೊಂಡಿರುತ್ತದೆ. ನೇರ ಗೆರೆಯಲ್ಲಿ ಕತ್ತರಿಸಿದರೆ ಬಾಲದ ತುದಿ ಅರ್ಕಾವತ್ತಿನ ಜೊತೆಗೇ ಹೋಗಿಬಿಡುತ್ತದೆ. ಹಾಗಿದ್ದಲ್ಲಿ `Free Select` ಬಳಸಿ ಬಾಲದ ಸುತ್ತ ಹೋಗುವಂತೆ ಕತ್ತರಿಸಬೇಕು, ಆಗ ಒಂದಿಷ್ಟು ತೇಪೆಯೂ ಬೇಕಾಗುತ್ತದೆ. ಎರಡನೆಯದು ಹಿನ್ನೆಲೆ. ಬಣ್ಣ ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತಾ ಹೋಗುವ ಹಿನ್ನೆಲೆಯಾದರೆ ಚಿಂತೆಯಿಲ್ಲ, ಎರಡೂ ತುಂಡುಗಳು ಒಂದೇ ಸಾಲಿನವು. ಎಡದಿಂದ ಬಲಕ್ಕೆ ಬಣ್ಣ ಬದಲಾಗುತ್ತಿದ್ದರೆ ಅಥವಾ ಅಕ್ಷರಗಳ ಹಿಂದೆ ಗಣಪತಿಯ ಇಲ್ಲವೇ ಹೂಬಳ್ಳಿಯ ಚಿತ್ರವಿದ್ದರೆ ಸೇರಿಕೆಯ ಗೆರೆ ಕಾಣುತ್ತದೆ. ಅದನ್ನು `Heal` ಸಲಕರಣೆಯಿಂದ, ಅಕ್ಷರಕ್ಕೆ ತಾಗದಂತೆ, ಸಣ್ಣ ಕುಂಚದಲ್ಲಿ ಸವರಿ ಅಳಿಸಬಹುದು.

ಕೋಲಾರದಿಂದ ಒಬ್ಬರು: ನಮ್ಮ ಮನೆಯ ಗೃಹಪ್ರವೇಶದ ಪತ್ರಿಕೆಯಲ್ಲಿ ಮುಹೂರ್ತದ ಸಮಯವೇ ತಪ್ಪಾಗಿತ್ತು. ಸರಿಯಾದ ಸಮಯವನ್ನು ಸಣ್ಣ ಅಂಟುಚೀಟಿಗಳಲ್ಲಿ ಮುದ್ರಿಸಿ ಮನೆಮಂದಿಯೆಲ್ಲ ಕುಳಿತು ಅಂಟಿಸಿದೆವು. ಪತ್ರಿಕೆಯ ಬಣ್ಣದ್ದೇ ಕಾಗದ ಸಿಕ್ಕಿದರೆ ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ.

ಕೇಳಿದವರು: ತಮ್ಮ ಸಲಹೆಗೆ ವಂದನೆಗಳು. ನಮ್ಮದು ಇನ್ನೂ ಅಚ್ಚಿಗೆ ಹೋಗಿಲ್ಲವಾದ್ದರಿಂದ ಚೀಟಿಯ ಅಗತ್ಯ ಬೀಳಲಾರದು.

ಚಿಂತಾಮಣಿಯ ನಿವೃತ್ತ ಶಿಕ್ಷಕಿ: ಒಂದು ತಪ್ಪು ಕಣ್ಣಿಗೆ ಬಿದ್ದ ಪತ್ರಿಕೆಯಲ್ಲಿ ಇನ್ನೊಂದು ಇಲ್ಲದಿರುವುದು ಅಪರೂಪ. ತಿದ್ದಲು ಕೂರುವ ಮುನ್ನ ಮನೆಯ ಹಿರಿಯರೊಬ್ಬರಿಗೆ ಪೂರ್ತಿ ಓದಿಸಿ. ನೀವು ಹಾಕಿರುವ ಚಿತ್ರದಲ್ಲೇ ವಿಳಾಸದ ಸಾಲನ್ನು ನೋಡಿ: "ಸಿದ್ದಗಂಗಾ ಬಡಾವಣೆ" ಎಂದಿದೆ. ಅಲ್ಲಿ ದಕಾರದ ಕೆಳಗೆ ಧಕಾರದ ಒತ್ತು ಬರಬೇಕು.

ಕೇಳಿದವರು: ಇದನ್ನು ನಾವು ಯಾರೂ ಗಮನಿಸಿರಲಿಲ್ಲ ಮೇಡಂ. ಇದಕ್ಕೂ ಅದಲು ಬದಲು ಮಾಡಿದರೆ ಆಗುತ್ತದೆಯೇ?

ಗುಬ್ಬಿಯವರು: ಇದಕ್ಕೆ ಅದಲು ಬದಲು ನಡೆಯುವುದಿಲ್ಲ, ಎರವಲು ತರಬೇಕು. ಪತ್ರಿಕೆಯ ಮೇಲ್ಭಾಗದಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಬರೆದಿರುತ್ತಾರಲ್ಲ, ಅಲ್ಲಿ "ಶುದ್ಧ" ಎಂದು ಇದೆಯೇ ನೋಡಿ. ಅದರಲ್ಲಿ ನಿಮಗೆ ಬೇಕಾದ "ದ್ಧ" ಇಡಿಯಾಗಿ ಸಿಗುತ್ತದೆ. ಬಹುಳ ಪಕ್ಷದ ಮದುವೆಯಾಗಿದ್ದರೆ ಆ ಭಾಗ್ಯವಿಲ್ಲ. ಆಗ ವಧೂವರರ ಹೆಸರುಗಳಲ್ಲಿ, ಊರಿನ ಹೆಸರುಗಳಲ್ಲಿ ಹುಡುಕಬೇಕು.

ಸಿಕ್ಕರೂ ಗಾತ್ರವನ್ನು ಅಳೆದು ನೋಡಿ. ಎರವಲು ತರುವ ಅಕ್ಷರ ದೊಡ್ಡದಿದ್ದು ಅದನ್ನು ಕುಗ್ಗಿಸುವುದಾದರೆ ನಡೆಯುತ್ತದೆ, ಚಿಕ್ಕದನ್ನು ಹಿಗ್ಗಿಸಿದರೆ ಅಂಚು ಮಸುಕಾಗಿ ಪಕ್ಕದ ಅಕ್ಷರಗಳ ನಡುವೆ ಬೇರೆಯಾಗಿಯೇ ಕಾಣುತ್ತದೆ. ಎಲ್ಲೂ ಸಿಗದಿದ್ದರೆ ಒತ್ತಿನ ಕೆಳಗೆ ಧಕಾರದ ಆ ಸಣ್ಣ ಗೀಟನ್ನು ಕುಂಚದಲ್ಲಿ ಎಳೆಯಬಹುದು. ಬಣ್ಣವನ್ನು ಮಾತ್ರ ಅಕ್ಷರದ ದಪ್ಪ ಭಾಗದ ನಟ್ಟನಡುವಿನಿಂದ ಆರಿಸಿಕೊಳ್ಳಿ. ಅಂಚಿನಲ್ಲಿ ಹಿನ್ನೆಲೆಯ ಬಣ್ಣ ಬೆರೆತು ಕುಂಕುಮದ ಕೆಂಪು ಕಂದಾಗಿ ಸಿಗುತ್ತದೆ.

ಕೋಲಾರದ ಆಫ್‌ಸೆಟ್ ಮುದ್ರಣಾಲಯವೊಂದರಲ್ಲಿ ಕೆಲಸ ಮಾಡುವವರು: ಚಿತ್ರವನ್ನು ತಿದ್ದುವ ಕುಶಲತೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮುದ್ರಣಕ್ಕೆ ಆ ಚಿತ್ರವನ್ನೇ ಕೊಡುವುದನ್ನು ನಾನು ಒಪ್ಪುವುದಿಲ್ಲ. ವಾಟ್ಸಾಪ್ ಸಾಮಾನ್ಯವಾಗಿ ಚಿತ್ರದ ಉದ್ದದ ಬದಿಯನ್ನು 1600 ಪಿಕ್ಸೆಲ್ ಆಸುಪಾಸಿಗೆ ಇಳಿಸುತ್ತದೆ. ಪತ್ರಿಕೆ 7 ಇಂಚು ಉದ್ದವಿದ್ದರೆ ಇಂಚಿಗೆ ಸುಮಾರು 228 ಪಿಕ್ಸೆಲ್ ಬಂದಂತಾಯಿತು. ನಾವು ಕೇಳುವುದು 300. ದಪ್ಪ ಅಕ್ಷರಗಳು ಹೇಗೋ ನಡೆಯುತ್ತವೆ, ಆದರೆ ಕೆಳಗೆ "ಸುಖಾಗಮನ ಬಯಸುವವರು" ಎಂದು ಹತ್ತಾರು ಹೆಸರುಗಳನ್ನು ಸಣ್ಣದಾಗಿ ಹಾಕಿರುತ್ತಾರೆ, ಅಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ.

ಆದ್ದರಿಂದ ಮೊದಲು ಅಂಗಡಿಯವರನ್ನು ಬೇರೆ ರೀತಿಯಲ್ಲಿ ಕೇಳಿ. "ಕೋರಲ್ ಫೈಲ್ ಇದೆಯೇ" ಎಂದಲ್ಲ, "ಯಾರಿಗಾದರೂ ಪಿ.ಡಿ.ಎಫ್. ಕಳುಹಿಸಿದ್ದಿರಾ" ಎಂದು ಕೇಳಿ. ದರ ಕೇಳುವುದಕ್ಕೆಂದು ಯಾವುದಾದರೂ ಮುದ್ರಣಾಲಯಕ್ಕೆ ಮಿಂಚಂಚೆಯಲ್ಲಿ ಕಳುಹಿಸಿರುತ್ತಾರೆ. ಪಿ.ಡಿ.ಎಫ್. ಸಿಕ್ಕಿದರೆ ಅದನ್ನು ಕೋರಲ್‌ನಲ್ಲೇ ತೆರೆಯಬಹುದು. ಅಕ್ಷರಗಳು ಬರೀ ಆಕಾರಗಳಾಗಿ ಮಾರ್ಪಟ್ಟಿದ್ದರೂ ಅರ್ಕಾವತ್ತನ್ನು ಬಿಡಿಸಿ ಪಕ್ಕಕ್ಕೆ ಸರಿಸುವುದು ಎರಡು ನಿಮಿಷದ ಕೆಲಸ. ಕೋರಲ್ ಫೈಲ್ ಇದ್ದ ಫೋಲ್ಡರ್ ಬೇರೆ ಡಿಸ್ಕ್‌ಗೆ ನಕಲಾಗಿದ್ದರೆ `Backup_of_` ಎಂದು ಶುರುವಾಗುವ ಫೈಲ್ ಇದೆಯೇ ಎಂದೂ ಹುಡುಕಿಸಿ. ಕೋರಲ್ ತಾನಾಗಿಯೇ ಆ ಪ್ರತಿಯನ್ನು ಇಟ್ಟಿರುತ್ತದೆ. ಏನೂ ಸಿಗದಿದ್ದರೆ ಮುದ್ರಣಕ್ಕೆ ಇಡೀ ಪತ್ರಿಕೆಯನ್ನು ಹೊಸದಾಗಿ ಟೈಪ್ ಮಾಡಿಸುವುದೇ ಮೇಲು.

ಗೌರಿಬಿದನೂರಿನವರು: ಹಾಗಿದ್ದರೆ ಬರೀ ಹೆಸರುಗಳಿರುವ ಕೆಳಭಾಗವನ್ನು ಮಾತ್ರ ಹೊಸದಾಗಿ ಟೈಪ್ ಮಾಡಿದರೆ ಸಾಲದೇ? ಅಂದಹಾಗೆ, ಫೋಟೋಶಾಪ್‌ನಲ್ಲಿ ಕನ್ನಡ ಟೈಪ್ ಮಾಡಿದಾಗ ನನಗೆ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಬಂದವು.

ಗುಬ್ಬಿಯವರು: ಫೋಟೋಶಾಪ್‌ನ ಕೆಲವು ಆವೃತ್ತಿಗಳಲ್ಲಿ `World-Ready Layout` ಎಂಬುದನ್ನು ಆರಿಸಿದರೆ ಒತ್ತುಗಳು ಕೂಡಿಕೊಳ್ಳುತ್ತವೆ. ಜಿಂಪ್‌ನಲ್ಲಿ ಆ ತೊಂದರೆಯಿಲ್ಲ. ಹೆಸರುಗಳ ಭಾಗವನ್ನಷ್ಟೇ ಬದಲಿಸುವುದು ಒಳ್ಳೆಯ ಯೋಚನೆಯೇ. ಸಾಮಾನ್ಯವಾಗಿ ಆ ಭಾಗಕ್ಕೆ ಬೇರೆ ಫಾಂಟ್, ಬೇರೆ ಗಾತ್ರ ಇರುವುದರಿಂದ ಫಾಂಟ್ ಬದಲಾದರೂ ಯಾರೂ ಕೆದಕಿ ನೋಡುವುದಿಲ್ಲ. ಸಾಲಿನ ನಡುವಿನ ಒಂದು ಪದದ ಫಾಂಟ್ ಬದಲಾದರೆ ಮಾತ್ರ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಆದರೆ ಮುದ್ರಣಾಲಯದವರಷ್ಟು ಕಟ್ಟುನಿಟ್ಟು ನಾನಲ್ಲ. 228ರಲ್ಲೂ ಡಿಜಿಟಲ್ ಯಂತ್ರದಲ್ಲಿ ತೆಗೆದ ಪತ್ರಿಕೆಗಳನ್ನು ಜನ ಸಂತೋಷವಾಗಿ ಹಂಚಿದ್ದನ್ನು ನೋಡಿದ್ದೇನೆ.

ಮುದ್ರಣಾಲಯದವರು: ಸಂತೋಷವಾಗಿ ಹಂಚಿರಬಹುದು ಸರ್. ಒಂದು ಪ್ರತಿಯನ್ನು ಮೊದಲು ತೆಗೆಸಿ, ಅತಿ ಸಣ್ಣ ಹೆಸರನ್ನು ಕನ್ನಡಕವಿಲ್ಲದೆ ಓದಲಾಗುತ್ತದೆಯೇ ನೋಡಲಿ, ನಂತರ ತೀರ್ಮಾನಿಸಲಿ.

ಕೇಳಿದವರು: ಅಂಗಡಿಯವರು ಪಿ.ಡಿ.ಎಫ್. ಹುಡುಕುವುದಾಗಿ ಹೇಳಿದ್ದಾರೆ, ಇನ್ನೂ ಸಿಕ್ಕಿಲ್ಲ. ಅಷ್ಟರಲ್ಲಿ ಅರ್ಕಾವತ್ತನ್ನು ಚಿತ್ರದಲ್ಲೇ ಸರಿಸಿದೆವು, ಸೇರಿಕೆಯ ಗೆರೆ ಕಾಣುತ್ತಿಲ್ಲ. ನಮ್ಮ ಪತ್ರಿಕೆಯಲ್ಲಿ ತಿಥಿಯ ಮುಂದೆ "ಶುದ್ಧ" ಎಂದೇ ಇದೆ, ಆದರೆ ಆ ಸಾಲು ವಿಳಾಸದ ಸಾಲಿಗಿಂತ ಸ್ವಲ್ಪ ದೊಡ್ಡದು. ಅಳತೆ ನೋಡಿ ಕುಗ್ಗಿಸಬೇಕಾಗಿದೆ. ಬಂಧುಗಳಿಗೆ ಮೊಬೈಲಿನಲ್ಲಿ ಕಳುಹಿಸುವುದು ಮಾತ್ರ ಈ ವಾರವೇ ಆಗಬೇಕು.

ಗುಬ್ಬಿಯವರು: ಹಾಗಾದರೆ ಜಿಂಪ್‌ನ ಮೂಲ ಕಡತವನ್ನು `.xcf` ಆಗಿ ಉಳಿಸಿಕೊಂಡು, ಹಂಚುವ ಪ್ರತಿಯನ್ನು ಪಿ.ಎನ್.ಜಿ. ಆಗಿ ತೆಗೆಯಿರಿ. ಮತ್ತೆ ಜೆಪೆಗ್ ಮಾಡಿದರೆ ಅಕ್ಷರಗಳ ಸುತ್ತಲಿನ ಧೂಳು ಇನ್ನಷ್ಟು ಹೆಚ್ಚುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸದೆ `Document` ಎಂದು ಕಳುಹಿಸಿ, ಆಗ ಅದು ಕುಗ್ಗುವುದಿಲ್ಲ. ಮತ್ತು ತಪ್ಪಿರುವ ಹಳೆಯ ಚಿತ್ರವನ್ನು ಮನೆಯ ಗುಂಪಿನಿಂದ ಎಲ್ಲರಿಗೂ ಅಳಿಸಿಬಿಡಿ. ಇಲ್ಲದಿದ್ದರೆ ಚಿಕ್ಕಪ್ಪನೋ ಸೋದರತ್ತೆಯೋ ಅದನ್ನೇ ಊರಿಗೆಲ್ಲ ಕಳುಹಿಸುತ್ತಾರೆ.